ಬಾಯಿ ಮುಚ್ಚಿದರೆ ಹೂಂಕಾರ, ತೆರೆದರೆ ಅಂಬಾ

ಪ್ರಾಥಮಿಕ ಶಾಲೆಯ ಗೋಡೆಗಳ ಮೇಲೆ ಈಗಲೂ ಒಂದು ಪಟ್ಟಿ ಕಾಣಸಿಗುತ್ತದೆ. ಎಡಗಡೆ ಪ್ರಾಣಿ, ಬಲಗಡೆ ಅದರ ಕೂಗು. ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ನಾಯಿ ಬೊಗಳುತ್ತದೆ, ನರಿ ಊಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ, ಹಾವು ಬುಸುಗುಟ್ಟುತ್ತದೆ, ದುಂಬಿ ಝೇಂಕರಿಸುತ್ತದೆ. ಪರೀಕ್ಷೆಯಲ್ಲಿ ಇದನ್ನೇ ‘ಹೊಂದಿಸಿ ಬರೆಯಿರಿ’ ಎಂದು ಕೇಳುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಪದಗಳನ್ನು ಊರೂರಿನಿಂದ ಕೂಡಿಹಾಕಲು ಕೂತವರಿಗೆ ಎರಡು ಸಾಲು ಸಾಲುವುದಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ಯಾವ ಪ್ರಾಣಿ, ಯಾವ ಪದ ಎಂಬುದರ ಜೊತೆಗೆ ‘ಯಾವಾಗ’ ಎಂಬ ಮೂರನೆಯ ಸಾಲೊಂದು ಬೇಕು. ಅದಿಲ್ಲದಿದ್ದರೆ ಕನ್ನಡದ ಅರ್ಧ ಪದಗಳಿಗೆ ಪಟ್ಟಿಯಲ್ಲಿ ಜಾಗವೇ ಸಿಗುವುದಿಲ್ಲ.

ಇದಕ್ಕೆ ಹಸುವಿಗಿಂತ ಒಳ್ಳೆಯ ಸಾಕ್ಷಿ ಬೇಡ. ಶಾಲೆಯ ಪಟ್ಟಿ ಹಸುವಿನ ಮುಂದೆ ‘ಅಂಬಾ’ ಎಂದು ಬರೆದು ಮುಗಿಸುತ್ತದೆ. ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿ. ಈಗಷ್ಟೇ ಕರು ಹಾಕಿದ ಹಸು ಕರುವಿನ ಮೈ ನೆಕ್ಕುತ್ತಿರುವಾಗ ಅದರ ಬಾಯಿ ಮುಚ್ಚಿರುತ್ತದೆ. ಗಂಟಲಿನಿಂದ ತಗ್ಗಿದ, ಗುಂಯ್ಯೆನ್ನುವ ಒಂದು ದನಿ ಮೂಗಿನ ಮೂಲಕ ಹೊರಡುತ್ತದೆ. ಎರಡು ಮಾರು ದೂರ ಹೋದರೆ ನಮಗೆ ಕೇಳಿಸುವುದಿಲ್ಲ, ಕರುವಿಗೆ ಕೇಳಿಸಿದರೆ ಅದಕ್ಕೆ ಸಾಕು. ಇದನ್ನು ದನ ಸಾಕಿದವರು ಅಂಬಾ ಎನ್ನುವುದಿಲ್ಲ, ಹೂಂಕರಿಸುವುದು ಎನ್ನುತ್ತಾರೆ. ಅದೇ ಹಸುವನ್ನು ಮೇಯಲು ಬಿಟ್ಟು ಕರುವನ್ನು ಮನೆಯಲ್ಲೇ ಕಟ್ಟಿಹಾಕಿದ್ದರೆ, ಸಂಜೆ ಹಿಂದಿರುಗುವಾಗ ಅದು ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು, ಎತ್ತರದ ದನಿಯಲ್ಲಿ ಕೂಗುತ್ತದೆ. ಅದು ಅಂಬಾ. ಒಳಗಿನಿಂದ ಕರುವೂ ಅಂಬಾ ಎಂದೇ ಉತ್ತರ ಕೊಡುತ್ತದೆ.

ಎರಡು ಪದಗಳನ್ನು ನೀವೇ ಬಾಯಲ್ಲಿ ಹೇಳಿ ನೋಡಿ. ‘ಹೂಂ’ ಎಂದು ಮುಗಿಸಿದಾಗ ತುಟಿ ಮುಚ್ಚಿ ದನಿ ಮೂಗಿನಲ್ಲಿ ಉಳಿಯುತ್ತದೆ. ‘ಅಂಬಾ’ ಎಂದು ಮುಗಿಸಿದಾಗ ಬಾಯಿ ಪೂರ್ತಿ ತೆರೆದಿರುತ್ತದೆ. ಪದ ಕಟ್ಟಿದವರು ಹಸುವಿನ ದನಿಯನ್ನಷ್ಟೇ ಕೇಳಿರಲಿಲ್ಲ, ಅದರ ಬಾಯಿಯನ್ನೂ ನೋಡಿದ್ದರು ಎಂದು ನನಗೆ ಅನ್ನಿಸುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಹತ್ತು ವರ್ಷದ ಹಿಂದೆ ಹಸು ಕರುಗಳ ಕೂಗನ್ನು ತಿಂಗಳುಗಟ್ಟಲೆ ಧ್ವನಿಮುದ್ರಿಸಿ ವಿಂಗಡಿಸಿದರು. ತಾಯಿಹಸುಗಳ ಕೂಗು ಎರಡು ಗುಂಪಾಯಿತು. ಕರು ಹತ್ತಿರವಿದ್ದಾಗ ಬಾಯಿ ಮುಚ್ಚಿ ಹೊರಡಿಸುವ ತಗ್ಗಿನ ದನಿ ಒಂದು, ಕರು ಕಣ್ಮರೆಯಾದಾಗ ಬಾಯಿ ತೆರೆದು ಕೂಗುವ ಎತ್ತರದ ದನಿ ಇನ್ನೊಂದು. ಪ್ರತಿ ಹಸುವಿನ ಕೂಗಿಗೂ ಅದರದೇ ಗುರುತಿದೆ ಎಂಬುದನ್ನೂ ಅವರು ತೋರಿಸಿದರು. ಆ ಎರಡು ಗುಂಪಿಗೆ ನಮ್ಮ ಕೊಟ್ಟಿಗೆಗಳಲ್ಲಿ ಮೊದಲಿನಿಂದಲೂ ಎರಡು ಬೇರೆ ಪದಗಳಿವೆ.

ಮೂರನೆಯ ದನಿಯೂ ಇದೆ, ಅದರ ಮೇಲೆ ಹೈನುಗಾರರ ಲೆಕ್ಕಾಚಾರವೇ ನಿಂತಿದೆ. ಕರು ಪಕ್ಕದಲ್ಲೇ ಇದ್ದರೂ, ಮುಂದೆ ಹುಲ್ಲಿದ್ದರೂ, ಹಸು ಮೇವು ಬಿಟ್ಟು ಮೇಲಿಂದ ಮೇಲೆ ಕೂಗುತ್ತಿದ್ದರೆ ಅದು ಬೆದೆಗೆ ಬಂದಿದೆ ಎಂದು ಅರ್ಥ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಬಂದರೆ ಒಂದು ದಿನವೂ ನಿಲ್ಲುವುದಿಲ್ಲ. ಆ ಕೂಗನ್ನು ಹಸಿವಿನ ಕೂಗೆಂದು ತಿಳಿದು ಸುಮ್ಮನಾದವರು ಮತ್ತೆ ಮೂರು ವಾರ ಕಾಯಬೇಕು. ಈ ಕೂಗಿಗೆ ಕೆಲವು ಕಡೆ ಒರಲುವುದು, ಕೆಲವು ಕಡೆ ಒದರುವುದು, ಕೆಲವು ಕಡೆ ಅರಚುವುದು ಎನ್ನುತ್ತಾರೆ. ಅಂಬಾ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಎಮ್ಮೆಯ ಕಥೆ ಬೇರೆ. ಅದು ಬೆದೆಗೆ ಬಂದಾಗಲೂ ಎಷ್ಟೋ ಸಲ ಸದ್ದು ಮಾಡದೆ ಇದ್ದುಬಿಡುತ್ತದೆ. ಅದಕ್ಕೆ ಮೂಕ ಬೆದೆ ಎಂದೇ ಹೆಸರು. ಕೂಗಿಲ್ಲದಿರುವುದಕ್ಕೂ ಒಂದು ಪದವಿರುವ ಈ ತಾಣವನ್ನು ಪಟ್ಟಿ ಮಾಡುವವರು ಬಿಡಬಾರದು.

ಇನ್ನು ಗೂಳಿ. ತಲೆ ತಗ್ಗಿಸಿ, ಮುಂಗಾಲಿನಿಂದ ನೆಲ ಕೆದರುತ್ತ, ತುಂಡು ತುಂಡಾಗಿ ಎದೆಯೊಳಗಿಂದ ಹೊರಡಿಸುವ ದನಿಗೆ ಗುಟುರು ಹಾಕುವುದು ಎನ್ನುತ್ತಾರೆ. ಉತ್ತರ ಕರ್ನಾಟಕದ ಹೋರಿ ಡುರುಕಿ ಹೊಡೆಯುತ್ತದೆ. ಹಸು ಗುಟುರು ಹಾಕಿತು ಎಂದರೆ ಹಳ್ಳಿಯ ಕಿವಿ ಒಪ್ಪುವುದಿಲ್ಲ. ಹೀಗೆ ಒಂದೇ ಕೊಟ್ಟಿಗೆಯಲ್ಲಿ, ಒಂದೇ ಜಾತಿಯ ಪ್ರಾಣಿಗೆ, ಕನಿಷ್ಠ ನಾಲ್ಕು ಪದಗಳಾದವು. ‘ಹಸು – ಅಂಬಾ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದರೆ ಉಳಿದ ಮೂರೂ ಕೈತಪ್ಪುತ್ತಿದ್ದವು.

ಪದಗಳು ಸ್ವಲ್ಪ ಗುಡ್ಡೆಯಾದ ಮೇಲೆ ಅವು ಹುಟ್ಟಿದ ಅಚ್ಚುಗಳೂ ಕಾಣತೊಡಗುತ್ತವೆ. ಎಲ್ಲಕ್ಕಿಂತ ಸುಲಭದ ಅಚ್ಚು ‘ಎನ್ನು’. ಕೇಳಿದ ಸದ್ದನ್ನೇ ಹೇಳಿ ಹಿಂದೆ ‘ಎಂದಿತು’ ಸೇರಿಸಿದರೆ ಆಯಿತು: ಬೆಕ್ಕು ಮಿಯಾಂವ್ ಎಂದಿತು, ಮೇಕೆ ಬ್ಯಾ ಎಂದಿತು, ಕಾಗೆ ಕಾ ಕಾ ಎಂದಿತು. ಸದ್ದು ಮತ್ತೆ ಮತ್ತೆ ಬಂದು ಅದೊಂದು ಕೆಲಸವೇ ಎನ್ನಿಸಿದಾಗ ‘ಗುಟ್ಟು’ ಸೇರುತ್ತದೆ. ವಟಗುಟ್ಟು, ಬುಸುಗುಟ್ಟು, ಗುರುಗುಟ್ಟು, ಲೊಚಗುಟ್ಟು ಎಲ್ಲವೂ ಈ ಮನೆಯವೇ. ಒಂದೇ ಉಸಿರಿನ ಉದ್ದನೆಯ ಕೂಗಾದರೆ ‘ಇಡು’ ಬರುತ್ತದೆ. ಘೀಳಿಡು, ಊಳಿಡು ಎಂದು ಹೇಳುವಾಗ ನಮ್ಮ ದನಿಯೂ ಎಳೆದುಕೊಳ್ಳುತ್ತದೆ. ಝೇಂಕರಿಸು, ಹೂಂಕರಿಸು, ಘೀಂಕರಿಸು ಎಂಬ ಪದಗಳು ಸಂಸ್ಕೃತದ ‘ಕಾರ’ವನ್ನು ಕನ್ನಡ ಕ್ರಿಯಾಪದವಾಗಿ ಮಾಡಿಕೊಂಡವು. ಇವೆಲ್ಲವನ್ನೂ ಬಿಟ್ಟು, ಬೇರೇನನ್ನೂ ಸೇರಿಸಿಕೊಳ್ಳದೆ ತಾವೇ ಧಾತುವಾಗಿ ನಿಂತ ಪದಗಳಿವೆ. ಬೊಗಳು, ಕೆನೆ, ಉಲಿ, ಮೊರೆ, ಕೂಗು ಅಂಥವು. ಇವುಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ನವಿಲಿನ ಕೂಗಿಗಿರುವ ‘ಕೇಗು’. ನವಿಲು ಕೇಗುತ್ತದೆ ಎಂದು ಒಮ್ಮೆ ಜೋರಾಗಿ ಹೇಳಿದರೆ ಆ ಏರಿ ಬೀಳುವ ಕೂಗು ಕಿವಿಗೆ ಬರುತ್ತದೆ. ಈಗ ಪತ್ರಿಕೆಗಳಲ್ಲೂ ಪಾಠಗಳಲ್ಲೂ ನವಿಲು ಬರೀ ‘ಕೂಗುತ್ತದೆ’. ಇಷ್ಟು ಒಳ್ಳೆಯ ಪದ ನಿಘಂಟಿನೊಳಗೇ ಉಳಿದುಬಿಟ್ಟಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಗುಡ್ಡೆ ಹಾಕಿದ್ದನ್ನೆಲ್ಲ ಪಟ್ಟಿಗೆ ಸೇರಿಸುವ ಹಾಗಿಲ್ಲ, ಕೇರಬೇಕು. ನಾನು ಮೊದಲು ಮಾಡುವುದು ಪದವನ್ನು ಬೇರೆ ಪ್ರಾಣಿಗೆ ಹಚ್ಚಿ ನೋಡುವುದು. ‘ಕತ್ತೆ ಕೆನೆಯಿತು’ ಎಂದು ದನಕರು ಕಾಯುವ ಹಿರಿಯರ ಮುಂದೆ ಹೇಳಿ. ಅವರು ತಕ್ಷಣ ತಿದ್ದುತ್ತಾರೆ: ಕತ್ತೆ ಅರಚುತ್ತದೆ, ಒದರುತ್ತದೆ, ಕೆನೆಯುವುದು ಕುದುರೆ. ಹಾಗಾದರೆ ಕೆನೆ ಎಂಬುದು ಕುದುರೆಯ ಸ್ವಂತ ಪದ. ‘ಕುರಿ ಅರಚಿತು’, ‘ಕೋತಿ ಅರಚಿತು’, ‘ಮಗು ಅರಚಿತು’ ಎಂದರೆ ಯಾರೂ ತಿದ್ದುವುದಿಲ್ಲ. ಹಾಗಾದರೆ ಅರಚು ಎಲ್ಲರ ಪದ. ಕೂಗು, ಅರಚು, ಒದರು, ಕಿರುಚು ಇವು ಊರಿನ ಸಾರ್ವಜನಿಕ ಪದಗಳು, ಇವನ್ನು ಯಾವೊಂದು ಪ್ರಾಣಿಯ ಮುಂದೆಯೂ ಅದರದೇ ಪದವೆಂಬಂತೆ ಬರೆಯಬಾರದು. ಸ್ವಂತ ಪದವನ್ನು ಗುರುತಿಸಲು ಬೈಗುಳವೂ ನೆರವಿಗೆ ಬರುತ್ತದೆ. ‘ಬೊಗಳಬೇಡ’ ಎಂದರೆ ಮೈ ಉರಿಯುವುದು ಆ ಪದ ನಾಯಿಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ. ‘ಕೂಗಬೇಡ’ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ.

ಎರಡನೆಯದಾಗಿ, ಅದು ಕೊರಳಿನ ದನಿಯೇ ಎಂದು ನೋಡಬೇಕು. ದುಂಬಿಯ ಝೇಂಕಾರ, ಸೊಳ್ಳೆಯ ಗುಂಯ್‌ಗುಡುವಿಕೆ ರೆಕ್ಕೆಯ ಬಡಿತದಿಂದ ಹುಟ್ಟುತ್ತವೆ. ಮಲೆನಾಡಿನ ಕಾಡನ್ನೇ ತುಂಬುವ ಜೀರುಂಡೆಯ ಜೀರ್ ದನಿ ಬರುವುದು ಗಂಡಿನ ಹೊಟ್ಟೆಯ ಎರಡೂ ಪಕ್ಕದಲ್ಲಿರುವ ಬಿಗಿದ ಪೊರೆಗಳ ಮಿಡಿತದಿಂದ. ಹಾವಿನ ಬುಸುಗುಟ್ಟುವಿಕೆ ಬರೀ ಉಸಿರು. ಇವನ್ನು ಬಿಡಬೇಕು ಎಂದಲ್ಲ, ಕನ್ನಡವೂ ಇವನ್ನು ಕೂಗುಗಳ ಜೊತೆಗೇ ಇಟ್ಟುಕೊಂಡಿದೆ. ಎಲ್ಲಿಂದ ಹುಟ್ಟಿದ ಸದ್ದು ಎಂದು ಪಕ್ಕದಲ್ಲಿ ಬರೆದರೆ ಓದುವವರಿಗೆ ದಾರಿ ತಪ್ಪುವುದಿಲ್ಲ.

ಪಟ್ಟಿಗಳು ಹೆಚ್ಚಾಗಿ ಎಡವುವುದು ಮೂರನೆಯ ಕಡೆ. ಪ್ರಾಣಿ ಮಾಡುವ ಸದ್ದಿನ ಜೊತೆಗೆ, ಪ್ರಾಣಿಯನ್ನು ಕರೆಯಲು ಅಥವಾ ಓಡಿಸಲು ನಾವು ಮಾಡುವ ಸದ್ದೂ ಬೆರೆತುಬಿಡುತ್ತದೆ. ‘ಹಚಾ’ ಎನ್ನುವುದು ನಾಯಿಯಲ್ಲ, ನಾಯಿಯನ್ನು ಓಡಿಸುವ ನಾವು. ‘ಹುಶ್’ ಎನ್ನುವುದು ಕಾಗೆಯಲ್ಲ, ಹಪ್ಪಳ ಕಾಯುವವರು. ಇವು ಒಂದು ಪ್ರತ್ಯೇಕ ಪಟ್ಟಿಗೆ ಸಲ್ಲುವ ಪದಗಳು, ಆ ಪಟ್ಟಿಯೂ ಇಷ್ಟೇ ದೊಡ್ಡದಾದೀತು.

ಹೀಗೆ ಕೇರಿದ ಮೇಲೂ ಉಳಿಯುವ ಒಂದು ತೊಡಕಿದೆ. ಪದ ಸರಿ, ಪ್ರಾಣಿ ಸರಿ, ಜೋಡಿ ತಪ್ಪು. ಚಿರತೆ ಊರಿಗೆ ಬಂದ ಸುದ್ದಿಯಲ್ಲೆಲ್ಲ ಅದು ‘ಘರ್ಜಿಸುತ್ತದೆ’. ತುಮಕೂರು, ಮೈಸೂರು ಕಡೆಯ ತೋಟಗಳಲ್ಲಿ ರಾತ್ರಿ ಚಿರತೆಯ ದನಿ ಕೇಳಿದವರಿಗೆ ಗೊತ್ತು, ಅದು ಹುಲಿಯ ಗರ್ಜನೆಯಂತಿಲ್ಲ. ಮರಕ್ಕೆ ಗರಗಸ ಹಾಕಿ ಹಿಂದಕ್ಕೂ ಮುಂದಕ್ಕೂ ಎಳೆದಂತೆ ಒರಟಾಗಿ, ಬಿಟ್ಟು ಬಿಟ್ಟು ಬರುತ್ತದೆ. ಹುಲಿ ಸಿಂಹಗಳಿಗೆ ಸಲ್ಲುವ ಪದವನ್ನು ಮೈ ಮೇಲೆ ಚುಕ್ಕೆ ಇರುವ ಎಲ್ಲಕ್ಕೂ ಹಂಚಿದ್ದರಿಂದ ಓದುಗ ಆ ದನಿಯನ್ನು ಗುರುತಿಸುವ ಅವಕಾಶವನ್ನೇ ಕಳೆದುಕೊಂಡ. ತೋಟದಲ್ಲಿ ಒಂಟಿಯಾಗಿ ನೀರು ಹಾಯಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಸೀಳುನಾಯಿಯದೂ ಇದೇ ಗತಿ. ಹೆಸರಿನಲ್ಲಿ ನಾಯಿ ಇದೆಯೆಂದು ಬರೆಯುವವರು ಅದನ್ನು ಬೊಗಳಿಸಿಬಿಡುತ್ತಾರೆ. ಬಂಡೀಪುರ, ನಾಗರಹೊಳೆಯ ಕಾಡಿನಲ್ಲಿ ಬೇಟೆಯ ಓಟದಲ್ಲಿ ಚೆದುರಿದ ಸೀಳುನಾಯಿಗಳು ಒಂದನ್ನೊಂದು ಕೂಡಿಕೊಳ್ಳುವುದು ಸಿಳ್ಳೆಯಂಥ ದನಿಯಿಂದ. ಕೋಗಿಲೆಯ ಮುಂದೆ ‘ಕುಹೂ’ ಎಂದು ಬರೆಯುತ್ತೇವೆ, ಅದು ಗಂಡಿನ ಕೂಗು ಮಾತ್ರ. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣು ಕುಹೂ ಎನ್ನುವುದೇ ಇಲ್ಲ, ಕಿಕ್ ಕಿಕ್ ಎಂದು ಚುರುಕಾಗಿ ಕಿರುಚಿ ಹಾರಿಹೋಗುತ್ತದೆ. ಅದನ್ನು ಬೇರೆ ಹಕ್ಕಿಯೆಂದೇ ತಿಳಿದವರು ಬಹಳ ಮಂದಿ. ಆನೆಗೆ ಘೀಳು ಸರಿಯೇ. ಆದರೆ ಆನೆ ದಿನದ ಹೆಚ್ಚು ಹೊತ್ತು ಆಡುವುದು ಘೀಳಿಟ್ಟು ಅಲ್ಲ, ಎದೆಯೊಳಗಿನ ಗುಡುಗಿನಂಥ ತಗ್ಗಿದ ದನಿಯಲ್ಲಿ. ಅದರಲ್ಲೂ ಒಂದು ಪಾಲು ಮನುಷ್ಯರ ಕಿವಿಗೆ ನಿಲುಕದಷ್ಟು ಕೆಳಗಿನದು. ಅಮೆರಿಕದ ಕೇಟಿ ಪೇನ್ ಎಂಬ ಸಂಶೋಧಕಿ 1984ರಲ್ಲಿ ಪೋರ್ಟ್‌ಲ್ಯಾಂಡ್ ಮೃಗಾಲಯದ ಆನೆಗಳ ಹತ್ತಿರ ನಿಂತಾಗ ಗಾಳಿಯಲ್ಲಿ ಒಂದು ಕಂಪನವನ್ನು ಮೈಯಿಂದ ಗುರುತಿಸಿದರು. ಧ್ವನಿಮುದ್ರಿಕೆಯನ್ನು ವೇಗವಾಗಿ ಓಡಿಸಿದಾಗಲೇ ಅದು ಕೂಗೆಂದು ಗೊತ್ತಾಯಿತು. ಆ ದನಿಗೆ ನಿಘಂಟಿನಲ್ಲಿ ಪದ ಹುಡುಕುವುದಕ್ಕಿಂತ ಸಕ್ರೆಬೈಲು, ದುಬಾರೆಯ ಮಾವುತರನ್ನೂ ಕಾವಾಡಿಗಳನ್ನೂ ಕೇಳುವುದು ಮೇಲು. ಆನೆಯ ಕುತ್ತಿಗೆಯ ಮೇಲೆ ಕೂತವರ ತೊಡೆಗೆ ಆ ನಡುಕ ನೇರವಾಗಿ ತಾಗುತ್ತದೆ.

ಹಳೆಯ ಕೋಶಗಳೂ ಈ ಕೆಲಸ ಮಾಡಿವೆ, ಅವುಗಳ ಜೋಡಣೆಯಲ್ಲೊಂದು ಸೊಗಸಿದೆ. ಅಮರಕೋಶದಲ್ಲಿ ಕುದುರೆಯ ಹೇಷೆಯನ್ನೂ ಆನೆಯ ಬೃಂಹಿತವನ್ನೂ ಹುಡುಕಲು ಪ್ರಾಣಿಗಳ ವರ್ಗಕ್ಕೆ ಹೋದರೆ ಸಿಗುವುದಿಲ್ಲ. ಅವು ಕ್ಷತ್ರಿಯ ವರ್ಗದಲ್ಲಿ, ಸೇನೆ ಯುದ್ಧಗಳ ಮಾತಿನ ನಡುವೆ ಇವೆ. ಕುದುರೆ ಆನೆಗಳ ದನಿ ಆ ಕಾಲದ ಕಿವಿಗೆ ಬೀಳುತ್ತಿದ್ದುದು ದಂಡಿನಲ್ಲಿ. ನವಿಲಿನ ‘ಕೇಕಾ’ ಮಾತ್ರ ನವಿಲಿನ ಜೊತೆಗೇ, ಸಿಂಹಾದಿ ವರ್ಗದಲ್ಲಿದೆ. ಕನ್ನಡದಲ್ಲಿ ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಅನುಕರಣ ಪದಗಳಿಗೆ ವ್ಯಾಕರಣದೊಳಗೆ ಜಾಗ ಕೊಟ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇಂಥ ಪದಗಳ ಕಣಜ. ತೊಂದರೆಯೆಂದರೆ ನಿಘಂಟು ಅಕಾರಾದಿಯಲ್ಲಿ ಸಾಗುತ್ತದೆ. ನವಿಲಿನಿಂದ ಕೇಗಿಗೆ ಹೋಗಲು ಅಲ್ಲಿ ದಾರಿಯಿಲ್ಲ, ಕೇಗು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ನವಿಲನ್ನು ತೋರಿಸುತ್ತದೆ. ಪ್ರಾಣಿಯಿಂದ ಪದಕ್ಕೆ ಹೋಗುವ ದಾರಿ ಮಾಡಿಕೊಡುವುದೇ ಇಂಥ ಪಟ್ಟಿಯ ಕೆಲಸ.

ಸಂಗ್ರಹ ಮಾಡುವಾಗ ಗಮನಕ್ಕೆ ಬರುವ ಇನ್ನೊಂದು ವಿಶೇಷ ‘ನುಡಿ’. ಕಾಗೆ ಕೂಗುತ್ತದೆ, ಗುಬ್ಬಿ ಚಿಲಿಪಿಲಿಗುಟ್ಟುತ್ತದೆ, ಆದರೆ ಹಲ್ಲಿ ನುಡಿಯುತ್ತದೆ. ಹಾಲಕ್ಕಿ ಎಂಬ ಪುಟ್ಟ ಗೂಬೆಯೂ ನುಡಿಯುತ್ತದೆ. ಬೆಳಗಿನ ಜಾವ ಬುಡುಬುಡಿಕೆ ಆಡಿಸುತ್ತ ಬರುವವರು ಹೇಳುವುದು ಆ ಹಾಲಕ್ಕಿಯ ನುಡಿಯನ್ನೇ. ಹಲ್ಲಿಯ ಲೊಚ್ ಲೊಚ್‌ಗೆ ಯಾವ ದಿಕ್ಕಿನಲ್ಲಿ ಯಾವ ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇರುತ್ತದೆ. ಯಾವ ಜೀವಿಯ ಸದ್ದಿನಲ್ಲಿ ಜನ ತಮಗೊಂದು ಸಂದೇಶವಿದೆ ಎಂದು ನಂಬಿದರೋ ಆ ಜೀವಿಗೆ ಮನುಷ್ಯರ ಕ್ರಿಯಾಪದವನ್ನೇ ಕೊಟ್ಟರು. ಶಕುನವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ‘ಹಲ್ಲಿ – ಲೊಚಗುಟ್ಟು, ನುಡಿ’ ಎಂದು ಎರಡನ್ನೂ ಬರೆದುಕೊಳ್ಳುವುದು ಪಟ್ಟಿ ಮಾಡುವವರ ಹೊಣೆ.

ಒಂದು ಪ್ರಾಣಿಯ ಪುಟ ಪೂರ್ತಿಯಾದಾಗ ಹೇಗಿರುತ್ತದೆ ಎಂಬುದನ್ನು ನಾಯಿಯಿಂದ ನೋಡಬಹುದು. ಪುಟದ ಮೊದಲ ಪದ ಬೊಗಳು: ಅಪರಿಚಿತರು ಬಂದಾಗ, ಬೇರೆ ನಾಯಿ ಕಂಡಾಗ, ಎತ್ತರದ ತುಂಡು ದನಿ, ನಾಯಿಯ ಸ್ವಂತ ಪದ. ಅದರ ಕೆಳಗೆ ಗುರುಗುಟ್ಟು: ಹಲ್ಲು ಕಾಣುವಂತೆ ತುಟಿ ಎತ್ತಿ, ತಟ್ಟೆಯ ಹತ್ತಿರ ಯಾರಾದರೂ ಬಂದಾಗ, ಹಂದಿ ಬೆಕ್ಕುಗಳಿಗೂ ಸಲ್ಲುವ ಪದ. ಆಮೇಲೆ ಊಳಿಡು: ರಾತ್ರಿ, ಮುಖ ಮೇಲೆತ್ತಿ, ಒಂದು ತೊಡಗಿದರೆ ಕೇರಿಯ ಉಳಿದವೂ ಸೇರಿಕೊಳ್ಳುವಂಥದ್ದು, ನರಿ ತೋಳಗಳೊಡನೆ ಹಂಚಿಕೊಂಡ ಪದ. ಕುಂಯ್‌ಗುಡು: ಮರಿ ತಾಯಿಗಾಗಿ, ದೊಡ್ಡ ನಾಯಿ ಬಾಗಿಲು ತೆರೆಯಲೆಂದು. ಕೊನೆಗೆ ಕಂಯ್ ಎನ್ನು: ಕಲ್ಲೇಟು ಬಿದ್ದಾಗ, ಒಂದೇ ಸಲ, ಓಡುತ್ತ. ಪ್ರತಿಯೊಂದರ ಪಕ್ಕದಲ್ಲಿ ಯಾವ ಊರಿನವರು ಹೇಳಿದ್ದು, ಅವರ ಕಸುಬೇನು ಎಂದು ಬರೆದಿರಬೇಕು. ಕುರಿ ಕಾಯುವವರ ನಾಯಿಗೂ ಪೇಟೆಯ ಮನೆಯ ನಾಯಿಗೂ ದನಿ ಒಂದೇ ಇದ್ದೀತು, ಅದನ್ನು ಕೇಳುವ ಕಿವಿಗಳು ಬೇರೆ. ಫೋನಿನಲ್ಲಿ ಹತ್ತು ಸೆಕೆಂಡಿನ ಧ್ವನಿಮುದ್ರಿಕೆ ಇಟ್ಟುಕೊಂಡು, ಪ್ರಾಣಿಯ ಹೆಸರು ಹೇಳದೆ ಕೇಳಿಸಿ, ‘ಇದಕ್ಕೆ ನೀವು ಏನಂತೀರಿ?’ ಎಂದಷ್ಟೇ ಕೇಳಿದರೆ ಪಾಠದಲ್ಲಿ ಕಲಿತ ಪದ ಹಿಂದೆ ಸರಿದು ಮನೆಯಲ್ಲಿ ಆಡುವ ಪದ ಬಾಯಿಗೆ ಬರುತ್ತದೆ.

ಕೇಳುವ ಕಾಲವನ್ನೂ ಆರಿಸಿಕೊಳ್ಳಬೇಕು. ಕೋಗಿಲೆಯ ಕೂಗು ಜೋರಾಗುವುದು ಬೇಸಗೆಗೆ, ನವಿಲು ಕೇಗುವುದು ಹೆಚ್ಚುವುದು ಮಳೆಗಾಲದ ಹೊಸ್ತಿಲಲ್ಲಿ. ಕಪ್ಪೆಗಳ ಪದಕ್ಕಂತೂ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಗಿಂತ ಒಳ್ಳೆಯ ಸಮಯವಿಲ್ಲ. ‘ವಟವಟ’ ಎಂಬ ಪದ ಹೊಂದುವುದು ಗದ್ದೆಯ ನೀರಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿ ಗಂಟಲ ಚೀಲ ಉಬ್ಬಿಸುವ ದೊಡ್ಡ ಗಂಡುಕಪ್ಪೆಗೆ. ಅದೇ ರಾತ್ರಿ ಮಲೆನಾಡಿನ ಕಾಫಿ ಗಿಡದ ಎಲೆಯ ಮೇಲೆ ಕೂತ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಪೊದೆಗಪ್ಪೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಅದನ್ನು ಹುಳವೆಂದು ತಿಳಿದವರಿದ್ದಾರೆ. ಅದು ವಟಗುಟ್ಟುವುದಿಲ್ಲ. ಅದಕ್ಕೆ ತೋಟದ ಆಳುಗಳು, ಕಾಡಂಚಿನ ಮನೆಯವರು ಏನೆನ್ನುತ್ತಾರೆ ಎಂಬುದನ್ನು ಮಳೆ ಹಿಡಿದ ಆ ಒಂದೆರಡು ವಾರದಲ್ಲೇ, ದನಿ ಕಿವಿಯಲ್ಲಿರುವಾಗಲೇ, ಅವರ ಜಗುಲಿಯಲ್ಲಿ ಕೂತು ಕೇಳಿ ಬರೆದುಕೊಳ್ಳಬೇಕು.